ಆಚೆ ಖೋಲಿಯ ದನಿ

ರೋಷನಬಿ ಯಾರನ್ನೂ ಒಮ್ಮೆಗೇ ನಂಬಿದವಳಲ್ಲ. ಹಾಲಿನವನು ಹಾಲು ಅಳೆದರೆ ಅಳತೆಯ ಪಾತ್ರೆಯ ತಳ ಬಗ್ಗಿದೆಯೇನೋ ಎಂದು ಇಸಿದುಕೊಂಡು ನೋಡುವವಳು. ಯಾರಾದರೂ ನಿಮ್ಮ ಮಗಳು ಚಂದ ಇದ್ದಾಳೆ ಎಂದರೆ, ಇವರಿಗೆ ನನ್ನಿಂದ ಏನು ಕೆಲಸ ಆಗಬೇಕಾಗಿದೆ ಎಂದು ಯೋಚಿಸುವವಳು. ಬ್ಯಾಡಗಿಯಲ್ಲಿ ಅವಳದೊಂದು ಝರಾಕ್ಸ್ ಅಂಗಡಿ ಇತ್ತು; ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸವೂ ಅಲ್ಲೇ. ಬೆಳಗಿನಿಂದ ಸಂಜೆಯವರೆಗೆ ಊರಿನವರ ಆಧಾರ್, ಪಹಣಿ, ಜಾತಿ ಸರ್ಟಿಫಿಕೇಟು ನೋಡಿ ನೋಡಿ, ಮನುಷ್ಯರು ಬಾಯಲ್ಲಿ ಹೇಳುವುದೇ ಒಂದು, ನಿಜ ಇರುವುದೇ ಒಂದು ಎಂಬ ತೀರ್ಮಾನಕ್ಕೆ ಅವಳು ಎಂದೋ ಬಂದುಬಿಟ್ಟಿದ್ದಳು.

ಈಗ ಅವಳ ಗುಮಾನಿ ಬಿದ್ದಿದ್ದು ಬೀಗತಿಯ ಮೇಲೆ. ಮಗಳು ಬೇನಜೀರಳ ಮಂಗನಿ, ಅಂದರೆ ನಿಶ್ಚಿತಾರ್ಥ, ಹಾವೇರಿಯ ಕುಲ್ಸುಮಬಿಯ ಮಗ ಅಜೀಮನ ಜೊತೆ ಆಗಿತ್ತು. ಹುಡುಗ ಒಳ್ಳೆಯವನು, ಅದರಲ್ಲಿ ರೋಷನಬಿಗೂ ತಕರಾರಿರಲಿಲ್ಲ, ಹುಡುಕಿದ್ದಳು, ಸಿಕ್ಕಿರಲಿಲ್ಲ. ತಕರಾರು ಇದ್ದಿದ್ದು ಆ ಒಂದು ಗಳಿಗೆಯ ಬಗ್ಗೆ. ಹೆಂಗಸರ ಖೋಲಿಯಲ್ಲಿ ಕುಲ್ಸುಮಬಿ ಹುಡುಗಿಯ ಬೆರಳಿಗೆ ಉಂಗುರ ತೊಡಿಸಿದಳು. ಹಾಗೇ ಬೇನಜೀರಳ ಮುಂಗೈಯನ್ನು ಹಿಡಿದು, ಹೊರಳಿಸಿ ನೋಡಿ, ಪಕ್ಕದಲ್ಲಿದ್ದ ತನ್ನ ಮಗಳು ಕೈಸರಳ ಕಿವಿಯಲ್ಲಿ ಏನೋ ಹೇಳಿದಳು. ಕೈಸರ ಪಕ್ಕನೆ ನಕ್ಕಳು.

ಆ ಮುಂಗೈ ಮೇಲೊಂದು ಸುಟ್ಟ ಕಲೆ ಇತ್ತು. ಬೇನಜೀರ ಸಣ್ಣವಳಿದ್ದಾಗ ರೋಷನಬಿ ಭಜಿ ಕರಿಯುತ್ತ ಅತ್ತ ತಿರುಗಿದ ಹೊತ್ತಿನಲ್ಲಿ ಕಾದ ಎಣ್ಣೆ ಸಿಡಿದು ಆದದ್ದು. ಆ ಕಲೆಯನ್ನು ಲೋಕದವರು ನೋಡಿದಾಗಲೆಲ್ಲ ರೋಷನಬಿಗೆ ತನ್ನ ಕೈಗೇ ಎಣ್ಣೆ ಬಿದ್ದ ಹಾಗಾಗುತ್ತಿತ್ತು. ಅದನ್ನು ನೋಡಿ ನಕ್ಕರೇ? ಮಗಳ ಮೈಮೇಲಿನ ಊನ ಎತ್ತಿ ಆಡಿಕೊಂಡು ನಗುವ ಮನೆಗೆ ಮಗಳನ್ನು ಕಳಿಸುವುದುಂಟೇ? ಆವತ್ತಿನಿಂದ ಅವಳಿಗೆ ಉಂಡದ್ದು ಮೈಗೆ ಹತ್ತಿರಲಿಲ್ಲ.

"ಅಮ್ಮೀ, ನಿನಗ ಬರೇ ಸಂಶೇನಽ," ಎಂದಳು ಬೇನಜೀರ. "ಅವರು ಏನರ ಮಾತಾಡಿರ್ತಾರ, ನಕ್ಕಿರ್ತಾರ."

"ಏನರ ಅಂದ್ರ ಏನು? ಅದನ್ನಽ ನಾ ಕೇಳಾಕತ್ತೇನಿ."

ಕೇಳಿ ತಿಳಿಯುವ ದಾರಿಯೊಂದಿತ್ತು. ಮಂಗನಿಯ ವಿಡಿಯೋ ತೆಗೆದದ್ದು ರಾಣೇಬೆನ್ನೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ತೌಸಿಫ್, ರೋಷನಬಿಯ ಖಾಸ ಅಣ್ಣ ಅಬ್ದುಲಗನಿಯ ಮಗ. ಹೆಂಗಸರ ಖೋಲಿಗೆ ಗಂಡಸರು ಕ್ಯಾಮೆರಾ ಹಿಡಿದು ಬರುವ ಹಾಗಿಲ್ಲವಲ್ಲ, ಹೀಗಾಗಿ ಅಲ್ಲಿ ಕ್ಯಾಮೆರಾ ಹಿಡಿದವಳು ಅವನ ತಂಗಿ ಮುಸರತ. ಮಾತು ನಿಚ್ಚಳ ಬರಲಿ ಎಂದು ಅವಳೊಂದು ಸಣ್ಣ ವೈರಿಲ್ಲದ ಮೈಕನ್ನು ಬೀಗರು ತಂದ ಹೂವಿನ ತಾಟಿನಲ್ಲಿ, ಹಾವೇರಿಯ ಏಲಕ್ಕಿ ಮಾಲೆಯ ಕೆಳಗೆ ಹುದುಗಿಸಿ ಇಟ್ಟಿದ್ದಳು. ತಾಟು ಇದ್ದದ್ದು ಕುಲ್ಸುಮಬಿಯ ಮೊಣಕಾಲ ಬುಡದಲ್ಲಿ. ಪಿಸುಮಾತು ಆ ಮೈಕಿನಲ್ಲಿ ಬರದೆ ಎಲ್ಲಿಗೆ ಹೋಗುತ್ತದೆ?

ಫೋನು ಮಾಡಿ ಕೇಳಿದರೆ ತೌಸಿಫ್ ತಡವರಿಸಿದ. "ಫುಪ್ಪು, ಹೆಣ್ಮಕ್ಕಳ ಖೋಲಿದು ಸೌಂಡ್ ಬಂದಿಲ್ರಿ. ಮೈಕು ಕೈ ಕೊಟ್ಟೈತಿ. ಹಾಡು ಹಾಕಿ ಚಂದ ಮಾಡಿ ಕೊಡ್ತೇನಿ."

ಫುಪ್ಪು ಎಂದರೆ ಸೋದರತ್ತೆ. ಸೋದರತ್ತೆಗೇ ಸುಳ್ಳು ಹೇಳುತ್ತಾನೆ ಎಂದು ರೋಷನಬಿಗೆ ಆ ಕ್ಷಣವೇ ಖಾತ್ರಿಯಾಯಿತು. ಮೇಲೆ ಇನ್ನೊಂದು ಸುದ್ದಿ ಬಂತು. ತೌಸಿಫನ ಸ್ಟುಡಿಯೋದಲ್ಲಿ ಒಂದು ರೂಢಿ ಇದೆ. ವಿಡಿಯೋ ಕಡೆಯ ಸಲ ತಯಾರು ಮಾಡುವ ಮುಂಚೆ ಎರಡೂ ಕಡೆಯವರನ್ನು ಕರೆದು ಟಿವಿಯಲ್ಲಿ ತೋರಿಸಿ, ಯಾವುದು ಇರಲಿ ಯಾವುದು ತೆಗೆಯಲಿ ಎಂದು ಕೇಳುತ್ತಾನೆ. ಅದಕ್ಕೆ ಅವರು ಟ್ರಯಲ್ ಎನ್ನುತ್ತಾರೆ. ಈ ಸಲ ಗಂಡಿನ ಕಡೆಯವರಿಗೆ ಇವತ್ತು, ಹೆಣ್ಣಿನ ಕಡೆಯವರಿಗೆ ನಾಳೆ ಎಂದು ಹೇಳಿಕಳಿಸಿದ್ದ. ಅವರಿಗೆ ಮೊದಲು ಯಾಕೆ? ಏನನ್ನು ತೆಗೆಸುವುದಕ್ಕೆ?

ರೋಷನಬಿ ಅಂಗಡಿಗೆ ಕೀಲಿ ಹಾಕಿ ಬಸ್ಸು ಹತ್ತಿದಳು. ಹೊರಡುವ ಮುಂಚೆ ಮಗಳ ಬೆರಳಿನಿಂದ ಮಂಗನಿಯ ಉಂಗುರ ಬಿಚ್ಚಿಸಿಕೊಂಡಿದ್ದಳು. ಸಡಿಲಾಗಿದೆ, ರಾಣೇಬೆನ್ನೂರಿನ ಸರಾಫನ ಹತ್ತಿರ ಅಳತೆ ಸರಿಮಾಡಿಸಿಕೊಂಡು ಬರುತ್ತೇನೆ ಎಂದು ಹೇಳಿ. ಉಂಗುರ ಸಡಿಲಾಗಿರಲಿಲ್ಲ. ಅದನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು. ಕಲೆಯ ಮಾತೇ ಆಡಿ ನಕ್ಕಿದ್ದಾರೆ ಎಂದು ಕಿವಿಯಾರೆ ಕೇಳಿದರೆ, ಸಂಜೆಯೊಳಗೆ ಹಾವೇರಿಗೆ ಹೋಗಿ ಬೀಗತಿಯ ಮುಖಕ್ಕೆ ಎಸೆದು ಬರುವುದು. ಬಸ್ಸು ಮೋಟೆಬೆನ್ನೂರು ದಾಟುವವರೆಗೂ ಎಸೆಯುವಾಗ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಮನೆಯ ಮಾತು ಉರ್ದುವಾದರೂ ಜಗಳ ಕನ್ನಡದಲ್ಲಿಯೇ ರುಚಿಕಟ್ಟಾಗುತ್ತದೆ ಎಂಬುದು ಅವಳ ಅನುಭವ.

ಗುಲಾಬ್ ಡಿಜಿಟಲ್ ಸ್ಟುಡಿಯೋ ಎರಡು ಖೋಲಿಯದು. ಮುಂದಿನದು ಗಿರಾಕಿಗಳು ಕೂರುವ ಖೋಲಿ, ರಸ್ತೆಗೆ ತೆರೆದದ್ದು. ಹಿಂದಿನದು ತೌಸಿಫ್ ಕೂತು ಮಿಕ್ಸಿಂಗ್ ಮಾಡುವ ಖೋಲಿ. ರಸ್ತೆಯ ಹಾರ್ನು ಒಳಗೆ ಬರಬಾರದೆಂದು ಅದರ ಗೋಡೆಗಳಿಗೆಲ್ಲ ದಪ್ಪನೆಯ ಸ್ಪಂಜು ಹೊಡೆಸಿ, ಭಾರದ ಬಾಗಿಲು ಇಡಿಸಿದ್ದ. ಮುಂದಿನ ಖೋಲಿಯ ಗೋಡೆಯ ಮೇಲೆ ಹೊಸ ಟಿವಿಯೊಂದು ಕೂತಿತ್ತು, ಮಂಚದಷ್ಟು ಅಗಲ. ಅದರ ಮೇಲೆ ಒಂದೇ ಒಂದು ಕೆಂಪು ಗುಲಾಬಿ ಮತ್ತು ಸ್ಟುಡಿಯೋದ ಹೆಸರು. ಟಿವಿಯ ಬೆನ್ನಿನಿಂದ ಹೊರಟ ಉದ್ದನೆಯ ಎಚ್‌ಡಿಎಂಐ ಕೇಬಲ್ಲು ಗೋಡೆಯಲ್ಲಿ ಕೊರೆದ ತೂತಿನಿಂದ ಒಳಗಿನ ಕಂಪ್ಯೂಟರಿಗೆ ಹೋಗಿತ್ತು.

ರೋಷನಬಿ ಸದ್ದಿಲ್ಲದೆ ಒಳಗಿನ ಬಾಗಿಲು ದೂಡಿದಾಗ ತೌಸಿಫ್ ಕಂಪ್ಯೂಟರಿನ ಮುಂದೆ ಬಗ್ಗಿ ಕೂತಿದ್ದ. ಅತ್ತೆಯನ್ನು ಕಂಡದ್ದೇ ಅವನು ಅವಸರದಿಂದ ಪರದೆಯ ಕೆಳಮೂಲೆಯಲ್ಲಿ ಏನೋ ಒತ್ತಿದ, ಒಂದು ಸಣ್ಣ ಪಟ್ಟಿ ತೆರೆದದ್ದು ಮಾಯವಾಯಿತು. ರೋಷನಬಿ ಅದನ್ನು ನೋಡಿಬಿಟ್ಟಳು.

"ಏನು ಅಳಿಸಿದಿ?"

"ಏನೂ ಅಳಿಸಿಲ್ರಿ, ಫುಪ್ಪು. ಹೊಸಾ ಟಿವಿ ಜೋಡಿಸಿದ್ನಿ. ಚಿತ್ರ ಬಂತು, ಸೌಂಡ್ ಬರವಲ್ದಾಗಿತ್ತು. ಕಂಪ್ಯೂಟರು ಹಳೇ ಸ್ಪೀಕರಿಗೇ ಕಳಸಾಕತ್ತಿತ್ತು. ಟಿವಿಗೆ ಕಳಸು ಅಂತ ಈಗ ಹೇಳಿದ್ನಿ, ಸರಿ ಹೋತು."

"ನಾ ಬರೂದಕ್ಕೂ ಸರಿ ಹೋಗೂದಕ್ಕೂ ಒಂದಽ ಆತು ನೋಡು," ಎಂದಳು ರೋಷನಬಿ. ಅವಳಿಗೆ ಆ ವಿವರ ಕಿವಿಗೇ ಇಳಿಯಲಿಲ್ಲ. ಸುಳ್ಳು ಹೇಳುವವರು ವಿವರ ಜಾಸ್ತಿ ಕೊಡುತ್ತಾರೆ ಎಂಬುದಷ್ಟೇ ತಲೆಯಲ್ಲಿತ್ತು.

ತೌಸಿಫ್ ಗಡಿಯಾರ ನೋಡಿದ. ಇನ್ನೇನು ಕುಲ್ಸುಮಬಿ, ಕೈಸರ ಬರುವ ಹೊತ್ತು. ಇಬ್ಬರು ಬೀಗತಿಯರು ಇವತ್ತು ಎದುರುಬದುರಾಗುವುದು ಅವನಿಗೆ ಬೇಕಿರಲಿಲ್ಲ, ಅದಕ್ಕೆ ಅವನಿಗೊಂದು ಕಾರಣವೂ ಇತ್ತು. "ಫುಪ್ಪು, ನೀವು ಇಲ್ಲೇ ಥಂಡಿ ಒಳಗ ಕುಂದ್ರಿ. ನಾ ಬಸ್‌ಸ್ಟ್ಯಾಂಡಿಗೆ ಹೋಗಿ ಅವರನ್ನ ಕರಕೊಂಡು ಬರ್ತೇನಿ. ಬರೂವಾಗ ಚಾ ತರ್ತೇನಿ. ಕಂಪ್ಯೂಟರ್ ಮಾತ್ರ ಮುಟ್ಟಬ್ಯಾಡ್ರಿ. ಕೆಲಸ ನಡದೈತಿ."

"ನಾ ಯಾಕ ಮುಟ್ಲಿ?" ಎಂದಳು ರೋಷನಬಿ. ಬಾಗಿಲು ಮುಚ್ಚಿದ ಸದ್ದು ಆರುವ ಮುಂಚೆ ಅವನ ಕುರ್ಚಿಯಲ್ಲಿ ಕೂತಾಗಿತ್ತು.

ಕಂಪ್ಯೂಟರು ಅವಳಿಗೆ ಹೊಸದೇನಲ್ಲ. ಮಂಗನಿಯ ಫೋಲ್ಡರು ಸಿಕ್ಕಿತು, ಅದರೊಳಗೆ ಹೆಂಗಸರ ಖೋಲಿಯ ಇಡೀ ವಿಡಿಯೋ ಸಿಕ್ಕಿತು. ಒತ್ತಿದಳು. ಬೇನಜೀರ ತಲೆ ತಗ್ಗಿಸಿ ಕೂತಿದ್ದಾಳೆ, ಕುಲ್ಸುಮಬಿ ಉಂಗುರ ತೆಗೆಯುತ್ತಿದ್ದಾಳೆ. ಚಿತ್ರ ಕನ್ನಡಿಯ ಹಾಗೆ ಸ್ವಚ್ಛ. ದನಿ ಇಲ್ಲ.

ಮೇಜಿನ ಎರಡು ಬದಿಗೂ ಕರಿಯ ಸ್ಪೀಕರು ಇದ್ದವು, ಅವುಗಳ ಹಸಿರು ದೀಪ ಉರಿಯುತ್ತಿತ್ತು. ಹಾಗಾದರೆ ತೌಸಿಫ್ ಹೇಳಿದ್ದು ಖರೆಯೇ, ಮೈಕು ಕೈಕೊಟ್ಟಿತ್ತೇ? ಅಷ್ಟರಲ್ಲಿ ಅವಳ ಕಣ್ಣು ಪರದೆಯ ಅಂಚಿನಲ್ಲಿ ಕುಣಿಯುತ್ತಿದ್ದ ಹಸಿರು ಗೆರೆಯ ಮೇಲೆ ಬಿತ್ತು. ಯಾರಾದರೂ ಬಾಯಿ ತೆರೆದರೆ ಗೆರೆ ಮೇಲೇರುತ್ತಿತ್ತು, ಸುಮ್ಮನಾದರೆ ಇಳಿಯುತ್ತಿತ್ತು. ಅಂದರೆ ವಿಡಿಯೋದಲ್ಲಿ ದನಿ ಇದೆ! ಇದ್ದೂ ಕೇಳುತ್ತಿಲ್ಲ!

"ಕಳ್ಳ ನನ್ಮಗನ," ಎಂದಳು ರೋಷನಬಿ, ತನ್ನ ಅಣ್ಣನ ಮಗನೆಂಬುದನ್ನೂ ಮರೆತು.

ಕೆಳಗಿನ ಸ್ಪೀಕರ್ ಗುರುತಿನ ಮೇಲೆ ಒತ್ತಿದಳು. ದನಿಯ ಗೆರೆ ಅರ್ಧಕ್ಕಿಂತ ಕೆಳಗಿತ್ತು. ಅದರ ಮೇಲೆ ಇಂಗ್ಲಿಷ್ ಅಕ್ಷರ, ಅಂಕಿ ಕಲಸಿದ ಯಾವುದೋ ಹೆಸರು, ಪಕ್ಕದಲ್ಲೊಂದು ಸಣ್ಣ ಬಾಣದ ಗುರುತು. ಹೆಸರು ಕಂಪ್ಯೂಟರಿನ ಕಂಪನಿಯದಿರಬೇಕು ಎಂದುಕೊಂಡಳು. ಬ್ಯಾಡಗಿಯ ಅವಳ ಅಂಗಡಿಯ ಕಂಪ್ಯೂಟರಿಗೆ ದನಿ ಬರುವ ಬಾಯಿ ಒಂದೇ ಇತ್ತು; ಆ ಬಾಣವನ್ನು ಒತ್ತುವ ಪ್ರಸಂಗ ಅವಳಿಗೆ ಜೀವಮಾನದಲ್ಲಿ ಬಂದಿರಲಿಲ್ಲ. ಗೆರೆಯನ್ನು ಹಿಡಿದು ತುದಿಯವರೆಗೆ ಎಳೆದುಬಿಟ್ಟಳು. ನೂರಕ್ಕೆ ನೂರು.

ವಿಡಿಯೋ ಹಿಂದಕ್ಕೆ ಒಯ್ದು ಮತ್ತೆ ಒತ್ತಿದಳು. ಕುಲ್ಸುಮಬಿ ಕೈ ಹಿಡಿದಳು, ಹೊರಳಿಸಿದಳು, ಮಗಳತ್ತ ಬಾಗಿದಳು, ತುಟಿ ಅಲ್ಲಾಡಿದವು, ಕೈಸರ ನಕ್ಕಳು. ಹಸಿರು ಗೆರೆ ಕುಣಿಯಿತು. ಖೋಲಿಯಲ್ಲಿ ಏಸಿಯ ಗುಂಯ್ ಬಿಟ್ಟರೆ ಮತ್ತೊಂದಿಲ್ಲ. ಮತ್ತೆ ಹಾಕಿದಳು. ಮತ್ತೊಮ್ಮೆ ಹಾಕಿದಳು. ಕುಲ್ಸುಮಬಿಯ ತುಟಿಗಳನ್ನೇ ನೋಡಿ ಓದಲು ನೋಡಿದಳು. 'ಕಲಿ' ಎಂದ ಹಾಗೆ ಕಂಡಿತು; ಕಲೆಯ ಮಾತೇ ಅದು.

ಇನ್ನು ಉಳಿದದ್ದು ವೈರು. ವಿಡಿಯೋ ಓಡುತ್ತಿರಲಿ ಎಂದು ಬಿಟ್ಟು ಮೇಜಿನ ಕೆಳಗೆ ನುಸುಳಿದಳು. ಸ್ಪೀಕರಿನ ಹಸಿರು ಪಿನ್ನು ಕಂಪ್ಯೂಟರಿನ ಹಸಿರು ತೂತಿನಲ್ಲಿಯೇ ಇತ್ತು. ಕಿತ್ತಳು. ಪಿನ್ನಿನ ತುದಿಗೆ ಬೆರಳು ಮುಟ್ಟಿಸಿದಳು. ಮೇಲಿನ ಸ್ಪೀಕರು ಗುರ್ರ್ ಎಂದಿತು. ಹಾಗಾದರೆ ಸ್ಪೀಕರು ಬದುಕಿದೆ, ಅದರ ವೈರೂ ಸರಿ ಇದೆ. ವಿಡಿಯೋದಲ್ಲಿ ದನಿಯೂ ಇದೆ. ಇವೆರಡರ ನಡುವೆ ಯಾರೋ ತಡೆದಿದ್ದಾರೆ. ಯಾರು ತಡೆದರು ಎಂದು ಕೇಳುವ ಅಗತ್ಯವಿತ್ತೇ? ಬೀಗತಿ ಹೇಳಿಕೊಟ್ಟಿದ್ದಾಳೆ, ಅಣ್ಣನ ಮಗ ಮಾಡಿದ್ದಾನೆ. ಇನ್ನು ಮೇಲೆ ಅಣ್ಣನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ರೋಷನಬಿ ಮೇಜಿನ ಕೆಳಗೆ ಕೂತೇ ನಿರ್ಧಾರ ಮಾಡಿದಳು.

ಆಗ ಗೋಡೆಯಾಚೆಯಿಂದ, ಸ್ಪಂಜಿನ ಒಳಗಿಂದ, ಮಂದವಾಗಿ ಹೆಂಗಸಿನ ದನಿ ಕೇಳಿಸಿತು. ಮಾತು ತಿಳಿಯುತ್ತಿರಲಿಲ್ಲ. ರಸ್ತೆಯಲ್ಲಿ ಯಾವಳೋ ಯಾರ ಮೇಲೋ ಬಾಯಿ ಮಾಡುತ್ತಿದ್ದ ಹಾಗಿತ್ತು, ನಡುನಡುವೆ ಕಿಸಕ್ಕೆಂದು ನಗು ಬೇರೆ. ಇಷ್ಟು ದಪ್ಪ ಗೋಡೆ ದಾಟಿ ಬರಬೇಕಾದರೆ ಎಂಥ ಬಾಯಿ ಇರಬೇಕು ಅವಳದು! ಇಂಥವಳು ಯಾವ ಮನೆಯ ಸೊಸೆಯೋ, ಯಾವ ಮನೆಯ ಅತ್ತೆಯೋ ಎಂದು ರೋಷನಬಿ ಮರುಕಪಟ್ಟಳು.

ಪಿನ್ನನ್ನು ಮತ್ತೆ ಚುಚ್ಚಿ ಮೇಲೆದ್ದಳು. ಪರದೆಯ ಮೇಲೆ ಈಗ ಹೆಂಗಸರು ಸಾಲಾಗಿ ಕೂತು ಶಿರಾ ತಿನ್ನುತ್ತಿದ್ದರು. ಹೂವಿನ ತಾಟು ಅಲ್ಲಿರಲಿಲ್ಲ. ಅದು ಎಲ್ಲಿ ಹೋಯಿತೆಂದು ಅವಳು ಆಗಲೂ ಯೋಚಿಸಲಿಲ್ಲ.

ಬಾಗಿಲು ದಡಾರನೆ ತೆರೆಯಿತು. ಚಹಾದ ಚೀಲ ಹಿಡಿದ ತೌಸಿಫ್ ಹೊಸ್ತಿಲಲ್ಲಿ ನಿಂತಿದ್ದ, ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಗಿಲು ತೆರೆದದ್ದೇ ತಡ, ಆಚೆ ಖೋಲಿಯ ದನಿ ಒಳಗೆ ನುಗ್ಗಿತು. ಟಿವಿಯ ದನಿ, ನೂರಕ್ಕೆ ನೂರರ ದನಿ.

"...ಯಾಲಕ್ಕಿ ಮಾಲಿ ಅಂತ, ಹಿಚುಕಿ ನೋಡು ನಾಗರತ್ನಾ, ಬರೇ ಸಿಪ್ಪಿ! ನಾಕ ಮಂದ್ಯಾಗ ದೊಡ್ಡಸ್ತಿಕಿ ತೋರಸ್ತಾಳ. ಗುತ್ತಲ ಸಂತ್ಯಾಗ ತೆಲಿಮ್ಯಾಲೆ ಬುಟ್ಟಿ ಹೊತ್ತು ಬಳಿ ಮಾರಾಕಿ, ಇವತ್ತು ನಮ್ಮ ಮನಿಗೆ ಬಂದು ತಖ್ತದ ಮ್ಯಾಲೆ ಕುಂತಾಳ! ಕಂಡ ಕಂಡವರ ಕೈ ಹಿಡದು ಹೊಟ್ಟಿ ಹೊರಕೊಂಡಾಕಿ..."

ನೆರೆಮನೆಯ ನಾಗರತ್ನಾ ಕಿಸಕ್ಕೆಂದು ನಕ್ಕಳು. ಪಾತ್ರೆಯ ಸದ್ದಾಯಿತು. ಅಡಿಗೆಮನೆ. ರೋಷನಬಿಯದೇ ಅಡಿಗೆಮನೆ, ರೋಷನಬಿಯದೇ ಬಾಯಿ.

ಅವಳಿಗೆ ಒಮ್ಮೆಲೇ ನೆನಪಾಯಿತು. ಉಂಗುರದ ಶಾಸ್ತ್ರ ಮುಗಿದ ಕೂಡಲೆ ಹೂವಿನ ತಾಟನ್ನು ತಾನೇ ಎತ್ತಿಕೊಂಡು ಅಡಿಗೆಮನೆಗೆ ಹೋಗಿದ್ದಳು. ಮಾಲೆಯ ಕೆಳಗಿನ ಮೈಕು ತಾಟಿನ ಜೊತೆಗೇ ಹೋಗಿತ್ತು. ಶಿರಾ ತಿನ್ನುವ ಹೆಂಗಸರ ಚಿತ್ರ ಒಂದು ಕಡೆ, ಅವಳ ಮಾತು ಒಂದು ಕಡೆ. ಎರಡೂ ಒಂದೇ ವಿಡಿಯೋದಲ್ಲಿ ಓಡುತ್ತಿದ್ದವು.

"ಬಂದ್ ಮಾಡೋ!" ಎಂದು ಚೀರಿದಳು.

ತೌಸಿಫ್ ಧಾವಿಸಿ ಬಂದು ವಿಡಿಯೋ ನಿಲ್ಲಿಸಿದ. ತೆರೆದ ಬಾಗಿಲಿನಿಂದ ಮುಂದಿನ ಖೋಲಿ ಕಾಣುತ್ತಿತ್ತು. ಕೆಂಪು ಗುಲಾಬಿಯ ಟಿವಿಯ ಕೆಳಗೆ, ಸೋಫಾದ ಮೇಲೆ, ಕುಲ್ಸುಮಬಿ ಮತ್ತು ಕೈಸರ ಕೂತಿದ್ದರು. ತೌಸಿಫ್ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾಗ ಅವರು ಇನ್ನೊಂದು ದಾರಿಯಿಂದ ಆಟೋದಲ್ಲಿ ಬಂದು, ಬಾಗಿಲು ತೆರೆದದ್ದು ನೋಡಿ ಒಳಗೆ ಕೂತುಬಿಟ್ಟಿದ್ದರು. ಬರೀ ಗುಲಾಬಿ ಇದ್ದ ಟಿವಿ ಮಾತಾಡಲು ಶುರು ಮಾಡಿದಾಗ ಎದ್ದು ಹೋಗಬೇಕೆಂದೂ ಅವರಿಗೆ ತೋಚಿರಲಿಲ್ಲ.

"ದನಿ... ಇಲ್ಲಿ ಬರವಲ್ದಾಗಿತ್ತು," ಎಂದಳು ರೋಷನಬಿ. ಯಾರಿಗೆ ಹೇಳಿದಳೋ ಗೊತ್ತಿಲ್ಲ.

"ಇಲ್ಲಿ ಹೆಂಗ ಬಂದೀತ್ರಿ, ಫುಪ್ಪು!" ತೌಸಿಫನಿಗೆ ಅಳು ಬರುವುದೊಂದು ಬಾಕಿ. ಅವನು ಕೆಳಮೂಲೆಯ ಸ್ಪೀಕರ್ ಗುರುತನ್ನು ಒತ್ತಿ, ಆ ಸಣ್ಣ ಬಾಣವನ್ನು ಒತ್ತಿದ. ಪಟ್ಟಿಯೊಂದು ತೆರೆಯಿತು. ಅದರಲ್ಲಿ ಮೂರು ಹೆಸರು. "ನೋಡ್ರಿಲ್ಲೆ. ಇದು ಮೇಜಿನ ಸ್ಪೀಕರು. ಇದು ನಿಮ್ಮ ಮುಂದಿನ ಮಾನಿಟರು, ಇದಕ್ಕ ಸ್ಪೀಕರಽ ಇಲ್ಲ, ಆದ್ರೂ ಹೆಸರು ತೋರಸ್ತೈತಿ. ಇದು ಆಚೆ ಟಿವಿ. ದನಿ ಯಾವುದಾದ್ರೂ ಒಂದಕ್ಕಽ ಹೋಗ್ತೈತ್ರಿ. ನೀವು ಬಂದಾಗ ನಾ ಟಿವಿಗೆ ಕಳಸಿದ್ನಿ. ಚಿತ್ರ ಮಾತ್ರ ಇಲ್ಲೆ ತೆರೀತು, ಟಿವಿ ಮ್ಯಾಲೆ ಬ್ಯಾರೆ ಪರದೆ ಐತಿ. ನೀವು ದನಿ ಏರಿಸಿದ್ದೆಲ್ಲಾ ಟಿವಿದಽ ಏರೇತಿ."

ರೋಷನಬಿ ಕಂಪನಿಯ ಹೆಸರು ಎಂದುಕೊಂಡಿದ್ದೇ ಟಿವಿಯ ಹೆಸರಾಗಿತ್ತು.

"ಆ ಅಡಿಗಿಮನಿ ಮಾತು ಕತ್ತರಿಸಿ ತೆಗಿಯೂತನಕ ಯಾರಿಗೂ ಕೇಳಸಬಾರದು ಅಂತ ನಾ ಸೌಂಡ್ ಬಂದಿಲ್ಲಂತ ಸುಳ್ಳ ಹೇಳಿದ್ನಿ," ಎಂದ ತೌಸಿಫ್ ತಗ್ಗಿದ ದನಿಯಲ್ಲಿ. "ಅವರಿಗೆ ಇವತ್ತು ಉಂಗುರದ್ದು ಅಷ್ಟು ತೋರಸಾಂವ ಇದ್ನಿ. ನಿಮ್ಮ ಮರ್ಯಾದಿ ಸಲುವಾಗಿ, ಫುಪ್ಪು."

ಇಷ್ಟು ದಿನ ತನ್ನ ವಿರುದ್ಧ ಎಂದು ತಿಳಿದದ್ದೆಲ್ಲ ತನ್ನ ಸಲುವಾಗಿ ನಡೆದಿತ್ತು. ನಾಚಿಕೆಯಿಂದ ರೋಷನಬಿಯ ಕಿವಿಯವರೆಗೂ ಬಿಸಿಯಾಯಿತು. ಮಗಳ ಮದುವೆಯನ್ನು ಮುರಿಯಲು ಹಾವೇರಿಯವರೆಗೆ ಹೋಗುವ ಕಷ್ಟವೇ ಬೀಳಲಿಲ್ಲ. ಕುರ್ಚಿಯಲ್ಲಿ ಕೂತಲ್ಲೇ ಮುರಿದು ಹಾಕಿದೆ ಎಂದುಕೊಂಡಳು. ಬೇನಜೀರಳಿಗೆ ಏನು ಹೇಳುವುದು?

ಕುಲ್ಸುಮಬಿ ಎದ್ದು ನಿಧಾನಕ್ಕೆ ಒಳಗೆ ಬಂದಳು. ದಪ್ಪ ಮೈಯ, ಸಾದಾ ಮುಖದ ಹೆಂಗಸು. ಅವಳ ಗಂಡ ತೀರಿಕೊಂಡಾಗ ಅಜೀಮ ಇನ್ನೂ ಸಾಲೆಗೆ ಹೋಗುತ್ತಿದ್ದ. ಬಳೆಯ ಬುಟ್ಟಿ ಹೊತ್ತೇ ಇಬ್ಬರು ಮಕ್ಕಳನ್ನು ದಡ ಸೇರಿಸಿದವಳು. ಅದು ರೋಷನಬಿಗೂ ಗೊತ್ತಿತ್ತು. ಗೊತ್ತಿದ್ದೇ ಆಡಿದ್ದಳು.

"ಬೀಗತೀರ," ಎಂದಳು ಕುಲ್ಸುಮಬಿ, "ನೀವು ಏನು ಕೇಳಾಕ ಬಂದಿದ್ರಿ?"

ರೋಷನಬಿ ವ್ಯಾನಿಟಿ ಬ್ಯಾಗನ್ನು ಎದೆಗೆ ಒತ್ತಿಕೊಂಡಳು.

"ಟಿವ್ಯಾಗ ನನ್ನ ಮಾತು ಮ್ಯಾಲಿಂದ ಮ್ಯಾಲೆ ಬಂತು. ಅದನ್ನಽ ಕೇಳಬೇಕಾಗಿತ್ತು ಹೌದಲ್ಲ? ತೌಸಿಫ್, ಇವರಿಗೆ ಕೇಳಸಪಾ."

ತೌಸಿಫ್ ಅನುಮಾನಿಸಿದ. ಕುಲ್ಸುಮಬಿ ಹಾಕು ಎಂಬಂತೆ ಗದ್ದ ಅಲ್ಲಾಡಿಸಿದಳು. ಅವನು ಪಟ್ಟಿಯಲ್ಲಿ ಮೇಜಿನ ಸ್ಪೀಕರಿನ ಹೆಸರು ಆರಿಸಿ, ದನಿಯನ್ನು ಇಳಿಸಿ, ವಿಡಿಯೋವನ್ನು ಉಂಗುರದ ಗಳಿಗೆಗೆ ಒಯ್ದು ಬಿಟ್ಟ. ಆ ವರೆಗೂ ಮೂಕವಾಗಿದ್ದ ಕರಿಯ ಸ್ಪೀಕರುಗಳು ಬಾಯಿಬಿಟ್ಟವು. ಹೆಂಗಸರ ಗದ್ದಲ, ಹೂವಿನ ತಾಟು ಸರಿದ ಸಪ್ಪಳ, ಆ ಮೇಲೆ ಮೈಕಿಗೆ ಹತ್ತಿರದ ಪಿಸುದನಿ.

"ಕೈಸರ, ನೋಡಽ, ಎರಡೂ ನಾಕು. ಎಷ್ಟು ಮೆತ್ತನ್ನ ಕೈ. ಸುಟ್ಟ ಕಲಿ ಐತಿ ಪಾಪ, ಇದರ ಮ್ಯಾಲೆ ಬಳಿ ಗಟ್ಟ್ಯಾಗಿ ಎಳದ್ರ ಉರದೀತು. ಮದುವಿ ದಿನಾ ಬ್ಯಾರೆದಾರ ಕೈಗೆ ಕೊಡೂದು ಬ್ಯಾಡ, ನಾನಽ ಹಗೂರಕ ತೊಡಸ್ತೇನಿ."

ಕೈಸರಳ ನಗು. "ಅಮ್ಮೀ, ಇಲ್ಲಿನೂ ಅಂಗಡಿ ತೆರದೇನು?"

ಅಷ್ಟೇ. ಎರಡೂ ನಾಕು ಎಂದರೆ ಬಳೆಯ ಅಳತೆ. ಹುಡುಗಿ ನಕ್ಕದ್ದು ತನ್ನ ತಾಯಿಯ ಚಟ ನೋಡಿ. ಯಾರ ಕೈ ಹಿಡಿದರೂ ಬಳೆಯ ಅಳತೆಯೇ ಮೊದಲು ಬಾಯಿಗೆ ಬರುವ ಬಳೆಗಾರ್ತಿಯ ಚಟ.

ರೋಷನಬಿಗೆ ಕಣ್ಣು ತುಂಬಿ ಬಂದವು. ತಾನು ಹೆತ್ತ ಮಗಳ ಕಲೆಯನ್ನು ತಾನು ಮುಚ್ಚಿಡುವುದಷ್ಟೇ ನೋಡಿದ್ದಳು. ಬಳೆ ಎಳೆದರೆ ಅದು ಉರಿಯಬಹುದು ಎಂದು ಅವಳಿಗೂ ಹೊಳೆದಿರಲಿಲ್ಲ. ಕಣ್ಣೊರೆಸಿಕೊಳ್ಳಲು ಬ್ಯಾಗಿಗೆ ಕೈ ಹಾಕಿ ಕರ್ಚೀಫು ಎಳೆದಳು. ಗಂಟು ಸಡಿಲಾಗಿತ್ತೋ ಏನೋ, ಉಂಗುರ ಟಣ್ಣೆಂದು ನೆಲಕ್ಕೆ ಬಿದ್ದು ಉರುಳಿ ಕುಲ್ಸುಮಬಿಯ ಕಾಲಬುಡಕ್ಕೆ ಹೋಗಿ ನಿಂತಿತು.

ಕುಲ್ಸುಮಬಿ ಬಗ್ಗಿ ಎತ್ತಿಕೊಂಡಳು. ಬೆಳಕಿಗೆ ಹಿಡಿದು ನೋಡಿದಳು. ತಾನೇ ಆರಿಸಿ ತಂದದ್ದು, ಗುರುತು ಹಿಡಿಯಲು ಹೊತ್ತು ಬೇಕಾಗಲಿಲ್ಲ. ಅವಳ ಮುಖ ಅಲ್ಲಿಯವರೆಗೆ ನೊಂದಿತ್ತು, ಈಗ ಗಟ್ಟಿಯಾಯಿತು. ಬಾಗಿಲಲ್ಲಿ ನಿಂತಿದ್ದ ಕೈಸರ "ಅಮ್ಮೀ, ನಡಿ ಹೋಗೂಣು," ಎಂದಳು.

"ಬೇನಜೀರನ ಬೆರಳಿಗೆ ಸಡ್ಲ ಆಗಿತ್ತೇನ್ರಿ?" ಎಂದು ಕೇಳಿದಳು ಕುಲ್ಸುಮಬಿ.

ಹೌದು ಎಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಸರಾಫನ ಕಥೆ ಮಗಳಿಗೆ ಹೇಳಿದ್ದು ಇನ್ನೂ ನಾಲಿಗೆಯ ಮೇಲೆಯೇ ಇತ್ತು. ತೌಸಿಫ್ ಸಹ ಅತ್ತೆಯತ್ತ ನೋಡಿ, ಹೌದು ಅನ್ನಿ ಎಂಬಂತೆ ಹುಬ್ಬು ಏರಿಸಿದ.

"ಇಲ್ರಿ," ಎಂದಳು ರೋಷನಬಿ. "ಸರೀನಽ ಇತ್ತು. ನಿಮ್ಮ ಮಾರಿಗೆ ಒಗೀಬೇಕಂತ ಬಿಚ್ಚಿಸಿಕೊಂಡು ಬಂದೇನಿ. ನೀವು ಕಲಿ ನೋಡಿ ನಕ್ಕೀರಂತ ತಿಳಕೊಂಡಿದ್ನಿ. ಆಕಿಗೆ ಗೊತ್ತಿಲ್ರಿ ಇದು. ಬೇನಜೀರ ನಿಮ್ಮ ಬಗ್ಗೆ ಒಂದ ಮಾತು ಆಡಿಲ್ಲ. ಅಡಿಗಿಮನ್ಯಾಗಿನ ಬಾಯಿ ನಂದು. ಬೇಕಾದ್ರ ನನ್ನನ್ನ ಏನರ ಅನ್ರಿ, ಹುಡುಗಿನ್ನ ಬಿಡಬ್ಯಾಡ್ರಿ."

ಕುಲ್ಸುಮಬಿ ಉಂಗುರವನ್ನು ಮುಷ್ಟಿಯಲ್ಲಿ ಮುಚ್ಚಿದಳು. ರೋಷನಬಿ ಆ ಮುಷ್ಟಿಯನ್ನೇ ನೋಡುತ್ತ ನಿಂತಳು. ಅದು ಹಾಗೆಯೇ ಬುರ್ಖಾದ ಕಿಸೆಗೆ ಹೋದರೆ ಮಾತೇ ಇಲ್ಲ, ಎಲ್ಲ ಮುಗಿಯಿತು. ಆ ಮುಷ್ಟಿಯೊಳಗೆ ಏನು ನಡೆದಿದೆ ಎಂದು ಊಹಿಸಲು ಇಷ್ಟು ವರ್ಷದ ಅವಳ ಗುಮಾನಿ ಒಂದಿಷ್ಟೂ ಕೆಲಸಕ್ಕೆ ಬರಲಿಲ್ಲ.

"ಕಂಡ ಕಂಡವರ ಕೈ ಹಿಡದಾಕಿ ಅಂದ್ರಿ," ಎಂದಳು ಕುಲ್ಸುಮಬಿ ಕಡೆಗೆ. "ಖರೇ ಐತಿ. ಹಿಡದೇನಿ. ನಿಮ್ಮ ಕೈ ಒಂದು ಹಿಡದಿರಲಿಲ್ಲ."

ಅವಳು ರೋಷನಬಿಯ ಬಲಗೈ ಎಳೆದುಕೊಂಡಳು. ಅಂಗೈಯಲ್ಲಿ ಉಂಗುರ ಇಟ್ಟು, ಹೆಬ್ಬೆರಳನ್ನು ಒಳಗೆ ಮಡಚಿ, ಉಳಿದ ಬೆರಳುಗಳನ್ನು ಅದರ ಮೇಲೆ ಒತ್ತಿ ಕೂಡಿಸಿದಳು. ಹಾಗೇ ಬೆರಳಗಂಟುಗಳ ಸುತ್ತ ತನ್ನ ಕೈ ಬಳಸಿ ಹಿಡಿದಳು. ಎಷ್ಟೋ ಸಾವಿರ ಕೈಗಳನ್ನು ಹಾಗೆ ಹಿಡಿದ ಬೆರಳುಗಳು ಅವು, ನೋವಾಗಲಿಲ್ಲ.

"ಎರಡೂ ಆರು," ಎಂದಳು.

"ಎರಡೂ ಎಂಟು ಹಾಕ್ಕೋತೇನಿ ನಾ," ಎಂದಳು ರೋಷನಬಿ. ಅಳುವಿನ ನಡುವೆಯೂ ಅನುಮಾನ ಬಾಯಿಗೆ ಬಂದೇ ಬಿಟ್ಟಿತು.

"ಅದಕ್ಕಽ ನಿಮ್ಮ ಕೈಯಾಗ ಬಳಿ ಲೊಡ ಲೊಡ ಅಂತಾವು. ಗುತ್ತಲ ಸಂತ್ಯಾಗ ಯಾರನ್ನರ ಕೇಳ್ರಿ, ನನ್ನ ಅಳತಿ ತಪ್ಪೂದಿಲ್ಲ." ಕುಲ್ಸುಮಬಿ ನಗಲಿಲ್ಲ, ಆದರೆ ಹಿಡಿದ ಕೈಯನ್ನೂ ಬಿಡಲಿಲ್ಲ. "ಆ ಮಾತು ನಾ ಮರಿಯಾಕಿ ಅಲ್ಲ, ಬೀಗತೀರ. ಹುಡುಗಿ ಏನು ಮಾಡ್ಯಾಳ? ಮದುವಿ ದಿನಾ ಬಳಿ ಬುಟ್ಟಿ ನಾನಽ ತರ್ತೇನಿ, ತೆಲಿಮ್ಯಾಲೆ ಹೊತ್ಕೊಂಡು. ನಾಕ ಮಂದಿ ಮುಂದ ಮೊದಲು ಆಕಿಗೆ ತೊಡಸ್ತೇನಿ, ಆಮ್ಯಾಲೆ ನಿಮಗ. ಆ ಕೈ ತರ್ರಿ, ಎಡಗೈ ಅಳತಿ ಬ್ಯಾರೆ ಇರ್ತೈತಿ."

ರೋಷನಬಿ ಕಣ್ಣೀರು ಒರೆಸಿಕೊಳ್ಳುವುದನ್ನೂ ಬಿಟ್ಟು, ಎಡಗೈಯನ್ನು ಚಾಚಿದಳು.